ಸ್ಪಷ್ಟನೆ: ತಿಂಗಳ ಖರ್ಚೇ ತಯಾರಿಕಾ ವೆಚ್ಚವಲ್ಲ

“ತಿಂಗಳಲ್ಲಿ ಕೊಂಡ ಹತ್ತಿ, ಕೂಲಿ, ಕಾರ್ಖಾನೆ ಖರ್ಚು ಕೂಡಿಸಿದರೆ ನೂಲು ತಯಾರಿಸಿದ ವೆಚ್ಚ ಸಿಗುತ್ತೆ, ಅಲ್ವಾ?”

ಇಲ್ಲ. ದಾವಣಗೆರೆಯ ಒಂದು ನೂಲಿನ ಗಿರಣಿ ಅಂದುಕೊಳ್ಳಿ, ಅಂಕಿಗಳು ಉದಾಹರಣೆಗಷ್ಟೇ. ತಿಂಗಳ ಶುರುವಿಗೆ ಗೋದಾಮಿನಲ್ಲಿ 4 ಲಕ್ಷದ ಹತ್ತಿ ಇತ್ತು, 20 ಲಕ್ಷದ್ದು ಕೊಂಡರು, ಕೊನೆಗೆ 6 ಲಕ್ಷದ್ದು ಉಳಿಯಿತು. ಬಳಸಿದ್ದು 18 ಲಕ್ಷ. ಕೂಲಿ 5, ಕರೆಂಟು, ರಿಪೇರಿ, ಯಂತ್ರದ ಸವಕಳಿ ಸೇರಿ 4. ಒಟ್ಟು 27 ಲಕ್ಷ.

ಇಲ್ಲೇ ಹಲವರು ನಿಲ್ಲಿಸಿಬಿಡುತ್ತಾರೆ. ಆದರೆ ಯಂತ್ರಗಳ ಮೇಲೆ ಅರ್ಧ ತಯಾರಾದ ಮಾಲೂ ಇರುತ್ತದಲ್ಲ! ತಿಂಗಳ ಶುರುವಿಗೆ ಅದು 3 ಲಕ್ಷದ್ದು, ಕೊನೆಗೆ 2 ಲಕ್ಷದ್ದು. ಶುರುವಿನದನ್ನು ಕೂಡಿಸಿ, ಕೊನೆಯದನ್ನು ಕಳೆದರೆ 28 ಲಕ್ಷ. ತಯಾರಾದ ನೂಲಿನ ವೆಚ್ಚ ಇದು.

ಪ್ರಶ್ನೆಯಲ್ಲಿ ಹೇಳಿದಂತೆ ಕೊಂಡ ಹತ್ತಿ 20, ಕೂಲಿ 5, ಕಾರ್ಖಾನೆ ಖರ್ಚು 4 ಅಂತ ಕೂಡಿಸಿದರೆ 29 ಲಕ್ಷ ಬರುತ್ತದೆ. 10,000 ಕಿಲೋ ನೂಲಾದರೆ ಕಿಲೋಗೆ 280ರ ಬದಲು 290 ರೂಪಾಯಿ. ದರ ಹೇಳುವಾಗ ಇದು ಸಣ್ಣ ವ್ಯತ್ಯಾಸವಲ್ಲ.

ಅರ್ಧ ಮಾಲಿಗೆ ಹತ್ತಿಯ ಬೆಲೆ ಮಾತ್ರ ಹಾಕುವುದೂ ತಪ್ಪು. ಅಲ್ಲಿವರೆಗೆ ತಗುಲಿದ ಕೂಲಿ, ಕಾರ್ಖಾನೆ ಖರ್ಚಿನ ಪಾಲೂ ಸೇರಬೇಕು. ಆಫೀಸಿನ ಸಂಬಳ, ದಲ್ಲಾಳಿ ಕಮಿಷನ್ ಈ ಲೆಕ್ಕಕ್ಕೆ ಬೇಡ. ಮಾರದೆ ಉಳಿದ ನೂಲಿನ ದಾಸ್ತಾನೂ ಇಲ್ಲಿ ಬರಲ್ಲ, ಅದು ಮಾರಿದ ಮಾಲಿನ ವೆಚ್ಚ ತೆಗೆಯುವಾಗ ಬರುತ್ತದೆ.