ಮುಳ್ಳಯ್ಯನಗಿರಿಯ ಮಂಜಿಗೆ ಎಷ್ಟು ಮಾರ್ಕ್ಸ್?

ನೂರಕ್ಕೆ 93 ತಗೊಂಡು ಬಂದ ಮಗನನ್ನು ಯಾರೂ ಬೈಯುವುದಿಲ್ಲ. ಗಣಿತದಲ್ಲಿ ಎಡವಿದ್ದರೂ ಒಟ್ಟು ಸರಾಸರಿ ಅದನ್ನು ಮುಚ್ಚಿಹಾಕುತ್ತದೆ. ವಿಡಿಯೊಗಳಿಗೂ ಹೀಗೇ ಮಾರ್ಕ್ಸ್ ಕೊಡುವವರಿದ್ದಾರೆ. ವಿಮ್ಯಾಫ್ ಅಂತ ಒಂದು ಅಳತೆ ಇದೆ, ನೆಟ್‌ಫ್ಲಿಕ್ಸ್‌ನವರು 2016ರಲ್ಲಿ ಎಲ್ಲರ ಬಳಕೆಗೆ ಬಿಟ್ಟಿದ್ದು. ಮೂಲ ವಿಡಿಯೊವನ್ನೂ ಕುಗ್ಗಿಸಿದ್ದನ್ನೂ ಒಂದೊಂದೇ ಫ್ರೇಮ್ ಹೋಲಿಸಿ, ಮನುಷ್ಯರ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡೀತು ಅಂತ ಊಹಿಸಿ, ನೂರಕ್ಕೆ ಇಷ್ಟು ಅನ್ನುತ್ತದೆ. ಸಾಮಾನ್ಯವಾಗಿ ನಮ್ಮ ಕೈಗೆ ಬರುವುದು ಇಡೀ ವಿಡಿಯೊದ ಸರಾಸರಿ ಮಾತ್ರ.

ನಾನು ಚಿಕ್ಕಮಗಳೂರಿನ ಮನೆಯಲ್ಲೇ ಕೂತು ಒಂದು ಸಣ್ಣ ವಿಡಿಯೊ ಆ್ಯಪ್‌ಗೆ ಕೆಲಸ ಮಾಡುತ್ತೇನೆ. ನಮ್ಮ 1080 ಗಾತ್ರದ ವಿಡಿಯೊ ಸೆಕೆಂಡಿಗೆ 4500 ಕಿಲೋಬಿಟ್ ತಿನ್ನುತ್ತಿತ್ತು, ಇದಕ್ಕೆ ಬಿಟ್‌ರೇಟ್ ಅನ್ನುತ್ತಾರೆ. ಗಂಟೆಗೆ ಸುಮಾರು ಎರಡು ಜಿಬಿ. ಅದನ್ನು 3000ಕ್ಕೆ ಇಳಿಸಿದರೆ 1.35 ಜಿಬಿ ಸಾಕು. ಸರ್ವರ್ ಬಿಲ್ ನೋಡುವವರಿಗೆ ಹಬ್ಬ. ಮಾರ್ಕ್ಸೂ ಅಷ್ಟೇನೂ ಇಳಿಯಲಿಲ್ಲ. ಹಾಗಾದರೆ ಜನ ನೋಡುವ ಹೊತ್ತು ಕಡಿಮೆಯಾಗುತ್ತದಾ, ಇಲ್ಲವಾ?

ಮೊದಲ ಉತ್ತರ ಬಂದಿದ್ದು ಮಾವನ ಫೋನಿನಿಂದ. ಮಾವನ ಮನೆಯಲ್ಲಿ ಫೈಬರ್ ಲೈನ್, 55 ಇಂಚಿನ ಟಿವಿ. ಮುಳ್ಳಯ್ಯನಗಿರಿಯ ಮೇಲೆ ತೆಗೆದ ಒಂದು ವಿಡಿಯೊ ನೋಡಿದ್ದರು.

"ಏನೋ ಇದು, ಮಂಜಿನೊಳಗೆ ಮೆಟ್ಟಿಲು ಕಟ್ಟಿದ್ದೀರಲ್ಲೋ!"

ಮಾವ ಹೇಳಿದ್ದು ಸರಿಯಾಗೇ ಇತ್ತು. ಮಂಜು ಅಂದರೆ ಬಿಳಿಯಿಂದ ಬೂದಿಗೆ ಗೊತ್ತೇ ಆಗದ ಹಾಗೆ ಜಾರುವ ಬಣ್ಣ. ಬಿಟ್ ಸಾಲದಾದಾಗ ವಿಡಿಯೊ ಕುಗ್ಗಿಸುವ ಎನ್‌ಕೋಡರ್ ಆ ಸಣ್ಣ ಸಣ್ಣ ವ್ಯತ್ಯಾಸಗಳನ್ನೆಲ್ಲ ಕೈಬಿಡುತ್ತದೆ. ಆಗ ನಯವಾದ ಜಾರಿನ ಬದಲು ಅಗಲವಾದ ಪಟ್ಟೆಗಳು ಉಳಿಯುತ್ತವೆ. ಇದಕ್ಕೆ ಬ್ಯಾಂಡಿಂಗ್ ಅನ್ನುತ್ತಾರೆ. ಲೆಕ್ಕದಲ್ಲಿ ನೋಡಿದರೆ ಒಂದೊಂದು ಪಿಕ್ಸೆಲ್‌ನ ವ್ಯತ್ಯಾಸ ಏನೇನೂ ಅಲ್ಲ, ಅದಕ್ಕೇ ವಿಮ್ಯಾಫ್ ಅದನ್ನು ಹೆಚ್ಚಾಗಿ ಗಮನಿಸುವುದಿಲ್ಲ. ಕಣ್ಣು ಮಾತ್ರ ಪಟ್ಟೆಯ ಅಂಚನ್ನೇ ಹಿಡಿಯುತ್ತದೆ. ನೆಟ್‌ಫ್ಲಿಕ್ಸ್‌ನವರೇ ಆಮೇಲೆ ಬ್ಯಾಂಡಿಂಗ್ ಹಿಡಿಯುವುದಕ್ಕೆಂದೇ ಕ್ಯಾಂಬಿ ಅಂತ ಬೇರೆ ಅಳತೆ ಮಾಡಬೇಕಾಯಿತು. ಮಂಜು, ಸಂಜೆಯ ಆಕಾಶ, ಕತ್ತಲ ಗೋಡೆ ಇರುವ ವಿಡಿಯೊಗೆ ಅದನ್ನೂ ಓಡಿಸಿ ನೋಡುವುದು ಒಳ್ಳೆಯದು. ಸರಾಸರಿಯ ಜೊತೆಗೆ ತೀರಾ ಕೆಟ್ಟ ಫ್ರೇಮ್‌ಗಳ ಮಾರ್ಕ್ಸನ್ನೂ ನೋಡಬೇಕು.

ಹಾಗಂತ ಮಾವನ ಮಾತಿಗೆ ಹಳೆಯ ಬಿಟ್‌ರೇಟ್‌ಗೆ ಮರಳಬೇಕಾ? ಇಲ್ಲೊಂದು ತಮಾಷೆ ಇದೆ. ಮಾವ ಆ ವಿಡಿಯೊ ಕೊನೆಯವರೆಗೂ ನೋಡಿ ಆಮೇಲೆ ಫೋನ್ ಮಾಡಿದ್ದರು. ನಮ್ಮ ದಾಖಲೆಯಲ್ಲಿ ಅವರು ತುಂಬಾ ಖುಷಿಯಾದ ವೀಕ್ಷಕ! ನಿಜವಾಗಿ ಬೇಸತ್ತವರು ಫೋನ್ ಮಾಡುವುದಿಲ್ಲ. ಸುಮ್ನೆ ಆ್ಯಪ್ ಮುಚ್ಚಿ ಹೋಗುತ್ತಾರೆ.

ಅಂಥವರು ಜಾಸ್ತಿ ಇರುವುದು ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ. ನಮ್ಮ ಅತ್ತೆಯ ಫೋನನ್ನೇ ತಗೊಳ್ಳಿ. ಕಿಟಕಿ ಹತ್ತಿರ ಇಟ್ಟರೆ ಸೆಕೆಂಡಿಗೆ ನಾಲ್ಕು ಮೆಗಾಬಿಟ್ ಬರುತ್ತದೆ. 4500 ಅದರಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಪ್ಲೇಯರ್ ಒಂದು ಹಂತ ಕೆಳಗಿಳಿದು 720 ಗಾತ್ರದ್ದನ್ನು ಹಾಕುತ್ತದೆ, ಇಲ್ಲವೇ ಮೇಲಿನದಕ್ಕೆ ಹತ್ತಲು ಹೋಗಿ ಚಕ್ರ ತಿರುಗಿಸುತ್ತದೆ. 3000 ಆದರೆ ಹಿಡಿಸುತ್ತದೆ. ಅಂದರೆ ಬಿಟ್‌ರೇಟ್ ಇಳಿಸಿದ್ದರಿಂದ ಅತ್ತೆಗೆ ಚಿತ್ರ ಇನ್ನೂ ಚೆನ್ನಾಯಿತು, ನಿಲ್ಲುವುದೂ ಕಡಿಮೆಯಾಯಿತು. ಚಕ್ರ ತಿರುಗಿದರೆ ಜನ ಎದ್ದು ಹೋಗುತ್ತಾರೆ ಅನ್ನುವುದು ಬರೀ ಅನುಭವದ ಮಾತಲ್ಲ. 2012ರಲ್ಲಿ ಕೃಷ್ಣನ್ ಮತ್ತು ಸೀತಾರಾಮನ್ ಬರೆದ ಅಧ್ಯಯನದಲ್ಲಿ, ವಿಡಿಯೊ ಶುರುವಾಗಲು ಎರಡು ಸೆಕೆಂಡಿಗಿಂತ ಜಾಸ್ತಿ ಆದರೆ ಜನ ಬಿಟ್ಟು ಹೋಗಲು ತೊಡಗುತ್ತಾರೆ, ಆಮೇಲಿನ ಪ್ರತಿ ಸೆಕೆಂಡಿಗೂ ಸುಮಾರು 5.8 ಶೇಕಡಾ ಹೆಚ್ಚು ಜನ ಹೋಗುತ್ತಾರೆ ಅಂತ ಸಿಕ್ಕಿದೆ.

ಇದನ್ನೆಲ್ಲ ಬಿಡಿಸಿ ನೋಡಲು ಹೋದ ತಿಂಗಳನ್ನು ಈ ತಿಂಗಳಿಗೆ ಹೋಲಿಸಿದರೆ ಆಗದು. ನಮ್ಮಲ್ಲಿ ಜುಲೈ ಮಳೆಗೆ ಕರೆಂಟ್ ಹೋದರೆ ನೋಡುವ ಹೊತ್ತೂ ತಾನಾಗಿಯೇ ಬೀಳುತ್ತದೆ, ಪಾಪ ಬಿಟ್‌ರೇಟ್ ಏನು ಮಾಡೀತು? ಅದಕ್ಕೇ ವೀಕ್ಷಕರನ್ನು ಚೀಟಿ ಎತ್ತಿದ ಹಾಗೆ ಎರಡು ಪಾಲು ಮಾಡಿ, ಒಂದು ಪಾಲಿಗೆ 4500, ಇನ್ನೊಂದಕ್ಕೆ 3000 ಒಟ್ಟಿಗೇ ಕೊಟ್ಟೆವು. ಟಿವಿಯನ್ನೂ ಫೋನನ್ನೂ ಬೇರೆ ಬೇರೆ ಎಣಿಸಿದೆವು, ಇಲ್ಲದಿದ್ದರೆ ಅತ್ತೆಯ ಲಾಭ ಮಾವನ ನಷ್ಟವನ್ನು ನುಂಗಿಬಿಡುತ್ತಿತ್ತು. ಫೋನಿನಲ್ಲಿ ನೋಡುವ ಹೊತ್ತು ಸ್ವಲ್ಪ ಏರಿತು. ಟಿವಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆದರೂ ಟಿವಿಗೆ ಮಾತ್ರ 4500ರ ಹಂತವನ್ನು ಹಾಗೇ ಉಳಿಸಿಕೊಂಡಿದ್ದೇವೆ. ನೋಡಿದ ಹೊತ್ತು ಕಡಿಮೆಯಾಗಲಿಲ್ಲ ಅನ್ನುವುದು ಆ ಕೆಲವು ವಾರಗಳ ಮಾತು. ಮಂಜಿನ ಮೆಟ್ಟಿಲು ಸಹಿಸಿಕೊಂಡು ನೋಡಿದವರು ಮುಂದಿನ ವರ್ಷ ಚಂದಾ ಕಟ್ಟುತ್ತಾರಾ ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ.