ಕುರ್ಚಿ ಕಾರ್ಖಾನೆಯ ವಿಳಾಸ

ದಾವಣಗೆರೆಯಲ್ಲಿ ನಮ್ಮ ಮಾವನದ್ದೊಂದು ಕಲ್ಯಾಣ ಮಂಟಪ ಇದೆ. ಮದುವೆ ಸೀಸನ್‌ಗೆ ಮುಂಚೆ 1000 ಪ್ಲಾಸ್ಟಿಕ್ ಕುರ್ಚಿ ಬೇಕಿತ್ತು. ಬೆಂಗಳೂರಿನ ಒಂದು ಕಂಪನಿ ಕುರ್ಚಿಗೆ 900 ರೂಪಾಯಿಯಂತೆ ಕೊಟೇಶನ್ ಕಳಿಸಿತು. ಒಟ್ಟು 9 ಲಕ್ಷ, ಮೇಲೆ ಶೇ 18ರ ಜಿಎಸ್‌ಟಿ 1,62,000. ಅರ್ಧ ಅಡ್ವಾನ್ಸ್. ಕಾಗದದ ನೆತ್ತಿಯ ಮೇಲೆ ಹೊಗೆ ಬಿಡುವ ಚಿಮಣಿಯ ಚಿತ್ರ, ಪಕ್ಕದಲ್ಲಿ ‘1985ರಿಂದ ನಿಮ್ಮ ಸೇವೆಯಲ್ಲಿ’, ಕೆಳಗೆ 15 ಅಕ್ಷರದ ಜಿಎಸ್‌ಟಿ ನಂಬರ್.

‘ನಂಬರ್ ಇದೆಯಲ್ಲ ಅಳಿಯಾ, ಇನ್ನೇನು ನೋಡೋದು?’ ಅಂದರು ಮಾವ. ಮಾವನ ಪ್ರಕಾರ ಜಿಎಸ್‌ಟಿ ನಂಬರ್ ಅಂದರೆ ಹಣೆಗೆ ಹಚ್ಚಿದ ವಿಭೂತಿ ಇದ್ದಂತೆ. ಹಚ್ಚಿಕೊಂಡವರೆಲ್ಲ ಸಾಧುಗಳು.

ನಾನು `services.gst.gov.in` ತೆರೆದು `Search Taxpayer`ನಲ್ಲಿ ಆ ನಂಬರ್ ಹಾಕಿದೆ. ಲಾಗಿನ್ ಬೇಡ, ಕಾಸು ಬೇಡ. ವಕ್ರವಕ್ರವಾದ ಕ್ಯಾಪ್ಚಾ ಅಂಕಿಗಳನ್ನು ಎರಡು ಸಲ ತಪ್ಪು ಹೊಡೆಯುವಷ್ಟು ತಾಳ್ಮೆ ಇದ್ದರೆ ಸಾಕು.

ನಿಜ ಹೇಳಬೇಕೆಂದರೆ ಪೇಜ್ ತೆರೆಯುವ ಮೊದಲೇ ನಂಬರ್ ಬಾಯಿ ಬಿಟ್ಟಿತ್ತು. ಮೊದಲ ಎರಡಂಕಿ 29, ಅಂದರೆ ಕರ್ನಾಟಕ. ಅದು ಸರಿಯಾಗಿತ್ತು. ಮುಂದಿನ ಹತ್ತು ಅಕ್ಷರ ಪ್ಯಾನ್ ನಂಬರ್. ಪ್ಯಾನ್‌ನ ನಾಲ್ಕನೇ ಅಕ್ಷರ ಕಂಪನಿಗಾದರೆ C, ಒಬ್ಬ ವ್ಯಕ್ತಿಗಾದರೆ P. ಕೊಟೇಶನ್‌ನಲ್ಲಿ ‘ಪ್ರೈವೇಟ್ ಲಿಮಿಟೆಡ್’ ಅಂತ ದಪ್ಪಕ್ಷರ, ನಂಬರಿನೊಳಗೆ ಸುಮ್ನೆ ಕೂತಿದ್ದ P.

ಪೇಜ್ ಇನ್ನೂ ಧಾರಾಳವಾಗಿತ್ತು. `Status`: `Active`. ಇದನ್ನು ಕಂಡು ಮಾವನ ಮುಖ ಅರಳಿತು. ನೋಂದಣಿ ಜಾರಿಯಾದ ದಿನ: ಮೂರು ವಾರದ ಹಿಂದೆ. 1985ರಿಂದ ಸೇವೆಯಲ್ಲಿದ್ದವರು ಮೊನ್ನೆ ಮೊನ್ನೆ ಹುಟ್ಟಿದ್ದರು. ರಿಟರ್ನ್ಸ್ ಪಟ್ಟಿ ಖಾಲಿ. ಇದೊಂದನ್ನೇ ಹಿಡಿದು ಕಳ್ಳ ಅನ್ನೋಕಾಗಲ್ಲ. ಹೊಸಬರ ಪಟ್ಟಿ ಖಾಲಿಯೇ ಇರುತ್ತದೆ, ಸಣ್ಣ ವ್ಯಾಪಾರಿಗಳು ಮೂರು ತಿಂಗಳಿಗೊಮ್ಮೆ ಸಲ್ಲಿಸುವುದೂ ಉಂಟು. ಆದರೆ 40 ವರ್ಷ ಹಳೆಯವರಿಗೆ ಆ ರಿಯಾಯಿತಿ ಹೇಗೆ ಕೊಡೋದು?

ಇನ್ನು `Principal Place of Business`. ಕೊಟೇಶನ್‌ನ ಕಾರ್ಖಾನೆ ಇದ್ದದ್ದು ಪೀಣ್ಯದಲ್ಲಿ. ಇಲ್ಲಿದ್ದದ್ದು ಊರಿನ ಇನ್ನೊಂದು ಕೊನೆಯ ವಸತಿ ಬಡಾವಣೆ, ಮೊದಲ ಮಹಡಿ, ‘ದೇವಸ್ಥಾನದ ಹತ್ತಿರ’. ಯಾವ ದೇವಸ್ಥಾನ ಅಂತ ಇರಲಿಲ್ಲ. ಎಲ್ಲಾ ದೇವರಿಗೂ ಸಮಾನ ಗೌರವ.

‘ಆಫೀಸು ಅಲ್ಲಿರಬಹುದು, ಕಾರ್ಖಾನೆ ಬೇರೆ ಕಡೆ’ ಅಂದರು ಮಾವ. ಇರಬಹುದು, ತಪ್ಪಲ್ಲ. ಆದರೆ ಗೋದಾಮು, ಕಾರ್ಖಾನೆ ಬೇರೆ ಇದ್ದರೆ ಅದನ್ನೂ ನೋಂದಣಿಯಲ್ಲಿ ಸೇರಿಸಬೇಕು. ನೋಂದಣಿ ಪತ್ರದ ಅನುಬಂಧ ‘ಎ’ಯಲ್ಲಿ ಅವು ಬರುತ್ತವೆ. ಆ ಪತ್ರ ಕಳಿಸಿ ಅಂತ ಮೆಸೇಜ್ ಹಾಕಿದೆವು. ಎರಡು ನೀಲಿ ಟಿಕ್ ಬಂತು. ಪತ್ರ ಬರಲಿಲ್ಲ. ‘ಆಫರ್ ಇವತ್ತು ಸಂಜೆವರೆಗೆ ಮಾತ್ರ ಸರ್’ ಅಂತ ಬಂತು.

ಈಗ ಮಾವನಿಗೆ ಸರ್ಕಾರದ ಮೇಲೆ ಸಿಟ್ಟು ಬಂತು. ‘ನೋಡದೇನೇ ನಂಬರ್ ಕೊಡ್ತಾರಾ?’ ಕೊಡ್ತಾರೆ ಮಾವ. ಒಂದು ಕರೆಂಟ್ ಬಿಲ್, ಒಂದು ಬಾಡಿಗೆ ಕರಾರು ಅಪ್‌ಲೋಡ್ ಮಾಡಿ, ಆಧಾರ್ ದೃಢೀಕರಣ ಮುಗಿಸಿದರೆ ಎಷ್ಟೋ ಅರ್ಜಿಗಳಿಗೆ ಅಧಿಕಾರಿ ಸ್ಥಳಕ್ಕೆ ಹೋಗುವುದೇ ಇಲ್ಲ. ಆಮೇಲೆ ನೆನಪಾಗುತ್ತದೆ. 2023ರ ಮೇ 16ರಿಂದ ಎರಡು ತಿಂಗಳು, 2024ರ ಆಗಸ್ಟ್ 16ರಿಂದ ಮತ್ತೆರಡು ತಿಂಗಳು, ದೇಶದ ತುಂಬ ನಕಲಿ ನೋಂದಣಿ ಹುಡುಕುವ ವಿಶೇಷ ಅಭಿಯಾನ ನಡೆಯಿತು. ಮೊದಲು ಬಾಗಿಲು ತೆರೆದಿಟ್ಟು, ಆಮೇಲೆ ಒಳಗೆ ಯಾರಿದ್ದಾರೆ ಅಂತ ಟಾರ್ಚ್ ಹಿಡಿದು ಹುಡುಕುವ ಪದ್ಧತಿ.

ಮಜಾ ಇರೋದು ಬಿಲ್ಲಿನ ಕೆಳಗೆ. ಮಾವ 1,62,000 ತೆರಿಗೆ ಕೊಟ್ಟಿದ್ದರೂ, ಮಾರಿದವನು ಅದನ್ನು ಸರ್ಕಾರಕ್ಕೆ ಕಟ್ಟದಿದ್ದರೆ ಜಿಎಸ್‌ಟಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ಮಾವನಿಗೆ ಅದನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಮುರಿದುಕೊಳ್ಳುವ ಕ್ರೆಡಿಟ್ ಸಿಗೋದಿಲ್ಲ. ನೋಂದಣಿಯನ್ನು ಹಿಂದಿನ ತಾರೀಕಿನಿಂದಲೇ ರದ್ದು ಮಾಡುವ ಅಧಿಕಾರವೂ ಇಲಾಖೆಗೆ ಇದೆ. ಇಲಾಖೆ ನೋಡದೆ ಕೊಟ್ಟ ವಿಳಾಸವನ್ನು ನೀನೇಕೆ ನೋಡಲಿಲ್ಲ ಅಂತ ನೋಟಿಸ್ ಬರೋದು ಕೊಂಡವನಿಗೆ. ಹೀಗೆ ದಾವಣಗೆರೆಯ ಮಂಟಪದ ಯಜಮಾನರು ಸಂಬಳವಿಲ್ಲದ ತೆರಿಗೆ ಇನ್‌ಸ್ಪೆಕ್ಟರ್ ಆದರು.

ಬೆಂಗಳೂರಿನಲ್ಲಿರೋ ನಮ್ಮ ಚಿಕ್ಕಪ್ಪನ ಮಗನನ್ನು ಆ ವಿಳಾಸಕ್ಕೆ ಓಡಿಸಿದೆವು. ಬಾಗಿಲ ಮೇಲಿನ ಬೋರ್ಡಿನಲ್ಲಿ ಜಿಎಸ್‌ಟಿ ನಂಬರ್, ಒಳಗೆ ಎದ್ದು ಕಾಣುವ ಹಾಗೆ ನೋಂದಣಿ ಪತ್ರ, ಎರಡೂ ಇರಬೇಕು ಅಂತ 18ನೇ ನಿಯಮ ಹೇಳುತ್ತದೆ, ಅದನ್ನೇ ನೋಡು ಅಂದಿದ್ದೆ. ಅವನು ಬೋರ್ಡಿನ ಫೋಟೋ ಕಳಿಸಿದ: ‘ಇಲ್ಲಿ ಬ್ಲೌಸ್ ಹೊಲಿಯಲಾಗುವುದು. ಫಾಲ್ಸ್, ಜಿಗ್‌ಜಾಗ್.’

ಟೈಲರ್ ಅಮ್ಮ ಒಳ್ಳೆಯವರು. ತಿಂಗಳ ಹಿಂದೆ ಒಬ್ಬ ಹುಡುಗ ಬಂದು, ಇಂಟರ್ನೆಟ್ ಕನೆಕ್ಷನ್ ಆಫರ್ ಇದೆ ಅಂತ ಕರೆಂಟ್ ಬಿಲ್ಲಿನ ಜೆರಾಕ್ಸ್ ತಗೊಂಡು ಹೋಗಿದ್ದನಂತೆ. ಕನೆಕ್ಷನ್ ಇನ್ನೂ ಬಂದಿಲ್ಲ, ನೀವು ಅವರ ಕಡೆಯವರಾ ಅಂತ ಕೇಳಿದರಂತೆ.

ಕುರ್ಚಿ ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದರ ಮೇಲೂ ಅಳತೆಯ ಬಟ್ಟೆ ಪೇರಿಸಿದ್ದರಿಂದ ನಮ್ಮ ಹುಡುಗ ನಿಂತುಕೊಂಡೇ ಮಾತಾಡಿ ಬಂದ. ಈ ಬೆಳಿಗ್ಗೆ ಪೋರ್ಟಲ್ ಮತ್ತೆ ನೋಡಿದೆ. `Active`.