ಕೇಳಿದವರು ಯಾರು ಅಂತ ವರದಿಯಲ್ಲಿ ಬರೆಯಬೇಕೆ?

ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಹುಡುಗರಾಗಿ ದುಡಿದು ಈಗ ಮುದುಕರಾದವರನ್ನು ನಾವಿಬ್ಬರು ಮಾತಾಡಿಸಿದೆವು. ಒಟ್ಟು ಹನ್ನೊಂದು ಜನ. ಕೆಲಸ ಒಂದೇ, ಆದರೆ ಈ ಪ್ರಶ್ನೆಗೆ ನಮ್ಮ ಉತ್ತರ ಬೇರೆ ಬೇರೆ.

ಪರ: ಬರೆಯಲೇಬೇಕು

ನನ್ನ ದೊಡ್ಡಪ್ಪನದು ಮಾಟುಂಗಾದ ಕಡೆ ಒಂದು ಹೋಟೆಲ್ ಇತ್ತು. ನಾನು ತುಳು ಮಾತಾಡುತ್ತೇನೆ. ಹಾಗಾಗಿ ಹಳೆ ಕೆಲಸಗಾರರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆಗೆದ ಕೂಡಲೇ 'ಯಾರ ಮಗಳು?' ಅಂತ ಕೇಳುತ್ತಿದ್ದರು. ಹೇಳಿದ ಮೇಲೆ ಚಾ ಬರುತ್ತಿತ್ತು.

ನಾನು ಎಲ್ಲರ ಹತ್ತಿರ ಕೇಳಿದ ಒಂದು ಮುಖ್ಯ ವಿಷಯ ಪಗಾರದ್ದು. ಹದಿಮೂರು ಹದಿನಾಲ್ಕು ವಯಸ್ಸಿನ ಹುಡುಗರ ಪಗಾರ ಶೇಟ್ ಹತ್ತಿರವೇ ಇರುತ್ತಿತ್ತು. ಅದು ಊರಿಗೆ ಹೇಗೆ ತಲುಪುತ್ತಿತ್ತು? ನಾನು ಮಾತಾಡಿಸಿದ ಏಳು ಜನರೂ ಒಂದೇ ಮಾತು ಹೇಳಿದರು. ಶೇಟ್ ತಿಂಗಳಿಗೊಮ್ಮೆ ಮನಿಯಾರ್ಡರ್ ಮಾಡುತ್ತಿದ್ದರು, ಒಂದು ಪೈಸೆ ಮೋಸ ಇಲ್ಲ. ದೊಡ್ಡಪ್ಪನ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ಪ್ರತಿ ತಿಂಗಳೂ ಹುಡುಗರ ಹೆಸರಿನ ಮುಂದೆ 'ಜಮಾ' ಅಂತ ಇತ್ತು. ಮಾತು ಒಂದು ಆಧಾರ, ದಾಖಲೆ ಇನ್ನೊಂದು. ಎರಡೂ ಹೊಂದಿದವು. ಬೇರೆ ಬೇರೆ ಆಧಾರಗಳನ್ನು ಹೋಲಿಸಿ ನೋಡುವ ಟ್ರಯಾಂಗ್ಯುಲೇಶನ್ ಆಯಿತು ಅಂತ ನನಗೆ ಸಮಾಧಾನವಾಯಿತು.

ಆ ಸಮಾಧಾನವೇ ತಪ್ಪಾಗಿತ್ತು. ಈ ಪದ ಬಂದದ್ದು ಭೂಮಿ ಅಳೆಯುವವರಿಂದ. ಬ್ರಿಟಿಷ್ ಸರ್ವೇ ಅಧಿಕಾರಿ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಮೊದಲು ಒಂದು ನೇರ ಗೆರೆಯನ್ನು ನೆಲದ ಮೇಲೆ ಅಳೆದ. ಆಮೇಲೆ ಆ ಗೆರೆಯ ಎರಡು ತುದಿಗಳಿಂದ ದೂರದ ಗುರುತನ್ನು ನೋಡಿ ಕೋನ ಅಳೆದರೆ, ಆ ಗುರುತು ಎಷ್ಟು ದೂರ ಇದೆ ಅಂತ ಲೆಕ್ಕ ಸಿಗುತ್ತದೆ. ಎರಡು ತುದಿ ಇರಬೇಕು ಅನ್ನುವುದೇ ಇಲ್ಲಿ ಮುಖ್ಯ. ಒಂದೇ ಕಡೆ ನಿಂತು ಹತ್ತು ಸಲ ನೋಡಿದರೂ ದಿಕ್ಕು ಗೊತ್ತಾಗುತ್ತದೆ, ದೂರ ಗೊತ್ತಾಗುವುದಿಲ್ಲ. ನನ್ನ ಎರಡು ಆಧಾರಗಳೂ ಗಲ್ಲಾದ ಹಿಂದೆ ನಿಂತು ನೋಡಿದವು. ಪುಸ್ತಕ ಬರೆದದ್ದು ಶೇಟ್. ಮಾತು ಕೇಳಿದ್ದು ಶೇಟ್ ಮನೆಯ ಹುಡುಗಿ. ಅವು ಹೊಂದದೆ ಇದ್ದಿದ್ದರೆ ಆಶ್ಚರ್ಯವಾಗಬೇಕಿತ್ತು.

ನನ್ನ ಜೊತೆಗಾರ ಪುಣೆಯಲ್ಲಿರುವವರು, ಊರು ಗದಗದ ಕಡೆ. ಅವರು ಮಾತಾಡಿಸಿದ ಐದು ಜನರಲ್ಲಿ ಒಬ್ಬ ಅಜ್ಜ ನನ್ನ ಏಳು ಜನರಲ್ಲೂ ಇದ್ದರು. ನನ್ನ ಹತ್ತಿರ 'ತಿಂಗಳಿಗೊಮ್ಮೆ' ಅಂದಿದ್ದ ಅದೇ ಅಜ್ಜ ಅವರ ಹತ್ತಿರ ಬೇರೆ ಹೇಳಿದರು. ದುಡ್ಡು ಪುಸ್ತಕದಲ್ಲಿ ಇರುತ್ತಿತ್ತು, ಕೈಗೆ ಸಿಗುತ್ತಿದ್ದದ್ದು ಊರಿಗೆ ಹೋಗುವಾಗ. ಮಧ್ಯೆ ಬಿಟ್ಟು ಹೋದವನಿಗೆ ಪೂರ್ತಿ ಸಿಗುತ್ತಿರಲಿಲ್ಲ. ನಾನು 'ಜಮಾ' ಅನ್ನುವುದನ್ನು 'ಕಳಿಸಿದರು' ಅಂತ ಓದಿದ್ದೆ. ಅದರ ಅರ್ಥ ಹುಡುಗನ ಲೆಕ್ಕಕ್ಕೆ ಬರೆದುಕೊಂಡರು ಅಂತ ಅಷ್ಟೇ. ಚಿಕ್ಕಂದಿನಿಂದ ಆ ಪುಸ್ತಕವನ್ನು ನಂಬಿ ಬೆಳೆದವಳಿಗೆ ಅನುಮಾನ ಬರಲೇ ಇಲ್ಲ.

ಈಗ ನಮ್ಮ ವರದಿ ಓದುವವರನ್ನು ನೆನೆಸಿಕೊಳ್ಳಿ. 'ಏಳು ಸಂದರ್ಶನ, ಜೊತೆಗೆ ಲೆಕ್ಕದ ಪುಸ್ತಕ' ಅಂತ ಮಾತ್ರ ಬರೆದರೆ ಅದು ಗಟ್ಟಿಯಾಗಿ ಕಾಣುತ್ತದೆ. 'ಕೇಳಿದವಳು ಮಾಲೀಕರ ತಮ್ಮನ ಮಗಳು' ಅನ್ನುವ ಒಂದು ಸಾಲು ಸೇರಿಸಿದರೆ ಆ ಏಳೂ ಮಾತುಗಳ ತೂಕ ಬದಲಾಗುತ್ತದೆ ಅಲ್ವಾ? ಆರೋಗ್ಯ ಕ್ಷೇತ್ರದ ಸಂದರ್ಶನ ಅಧ್ಯಯನಗಳಿಗೆ 2007ರಲ್ಲಿ ಬಂದ ಕೊರೆಕ್ ಪಟ್ಟಿಯಲ್ಲಿ 32 ಅಂಶಗಳಿವೆ. ಅದು ಶುರುವಾಗುವುದೇ ಕೇಳಿದವರು ಯಾರು, ಮಾತಾಡಿದವರಿಗೂ ಅವರಿಗೂ ಮೊದಲೇ ಏನು ಸಂಬಂಧ ಅನ್ನುವುದರಿಂದ. ನಾನು ಎಲ್ಲಿ ನಿಂತಿದ್ದೆ ಅಂತ ಹೇಳದೆ, ನನ್ನ ಆಧಾರಗಳು ಒಂದಕ್ಕೊಂದು ಬೇರೆಯವು ಅಂತ ಹೇಳುವ ಹಕ್ಕು ನನಗಿಲ್ಲ.

ವಿರೋಧ: ಆ ಸಾಲು ಬೇಡ

ನನ್ನ ಜೊತೆಗಾರ್ತಿಯ ಪ್ರಾಮಾಣಿಕತೆ ದೊಡ್ಡದು. ಆದರೂ ಅವರು ತಪ್ಪನ್ನು ಬೇರೆ ಕಡೆ ಹುಡುಕುತ್ತಿದ್ದಾರೆ ಅಂತ ನನಗೆ ಅನಿಸುತ್ತದೆ.

ನಮ್ಮಿಬ್ಬರ ರೆಕಾರ್ಡಿಂಗನ್ನು ಪಕ್ಕಪಕ್ಕ ಇಟ್ಟು ಕೇಳಿದೆ. ಅವರು ಅಜ್ಜನಿಗೆ ಕೇಳಿದ ಪ್ರಶ್ನೆ: 'ಶೇಟ್ ದುಡ್ಡು ಊರಿಗೆ ಹೇಗೆ ಕಳಿಸ್ತಿದ್ರು?' ಕಳಿಸುತ್ತಿದ್ದರು ಅನ್ನುವುದು ಪ್ರಶ್ನೆಯ ಒಳಗೇ ಇದೆ. ನಾನು ಕೇಳಿದ್ದು: 'ಮೊದಲನೇ ಸಲ ಊರಿಗೆ ಹೋದಾಗ ಕೈಯಲ್ಲಿ ಎಷ್ಟಿತ್ತು?' ಅಜ್ಜ ಬೋರಿವಲಿ ಕಡೆ ಮಗನ ಮನೆಯಲ್ಲಿದ್ದರು. ನಾವು ಕೆಳಗೆ ಕಟ್ಟೆಯ ಮೇಲೆ ಕೂತಿದ್ದೆವು, ಮನೆಯವರು ಯಾರೂ ಇರಲಿಲ್ಲ. ಜೊತೆಗಾರ್ತಿ ಮಾತಾಡಿಸಿದ್ದು ಮನೆಯ ಹಾಲ್‌ನಲ್ಲಿ, ಸೊಸೆಯ ಎದುರು. ಉತ್ತರ ಬೇರೆ ಬಂದದ್ದು ಕೇಳಿದವರು ಬೇರೆ ಅಂತಲೋ, ಪ್ರಶ್ನೆ ಬೇರೆ ಅಂತಲೋ, ಕೂತ ಜಾಗ ಬೇರೆ ಅಂತಲೋ? ಬಿಡಿಸಿ ಹೇಳಲು ನಮ್ಮಿಂದ ಆಗದು. 'ಮಾಲೀಕರ ತಮ್ಮನ ಮಗಳು' ಅಂತ ಬರೆದುಬಿಟ್ಟರೆ ಓದುವವರು ಎಲ್ಲವನ್ನೂ ಅದರ ಮೇಲೆ ಹಾಕುತ್ತಾರೆ. ಕೆಟ್ಟ ಪ್ರಶ್ನೆ ಹಾಗೇ ಉಳಿದುಬಿಡುತ್ತದೆ. ಪ್ರಶ್ನೆಯನ್ನು ತಿದ್ದಬಹುದು, ದೊಡ್ಡಪ್ಪನನ್ನು ಬದಲಾಯಿಸಲು ಆಗುತ್ತದಾ?

ಇನ್ನೊಂದು ಮಾತು. ನನ್ನ ಹತ್ತಿರ ಅಜ್ಜ ಹೇಳಿದ್ದೇ ನಿಜ ಅಂತ ಇಬ್ಬರೂ ಬೇಗ ಒಪ್ಪಿಕೊಂಡೆವು. ನನ್ನ ಕೈಯಲ್ಲಿ ಫಾರಂ ಇತ್ತು. ಮಾತಿನ ಕೊನೆಗೆ ಅಜ್ಜ 'ಇದರಿಂದ ಪೆನ್ಶನ್ ಏನಾದ್ರೂ ಬರ್ತದಾ?' ಅಂತ ಕೇಳಿದ್ದರು. ಯಾವುದೋ ಆಫೀಸಿನವನು ಅಂದುಕೊಂಡು ನಷ್ಟವನ್ನು ಸ್ವಲ್ಪ ಜಾಸ್ತಿ ಮಾಡಿ ಹೇಳಿರಬಹುದು. ನನ್ನ ಬಗ್ಗೆ ನಾನು 'ಉತ್ತರ ಕರ್ನಾಟಕದ ಗಂಡಸು, ಹೋಟೆಲಿಗೆ ಸಂಬಂಧವಿಲ್ಲ' ಅಂತ ಬರೆದುಕೊಂಡಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ನನ್ನ ಊರು, ಜಾತಿ, ಭಾಷೆ ನನಗೆ ಗೊತ್ತು. ಅಜ್ಜನ ಕಣ್ಣಿಗೆ ನಾನು ಏನಾಗಿ ಕಂಡೆ ಅನ್ನುವುದು ಅವರ ಪ್ರಶ್ನೆಯಿಂದ ಮಾತ್ರ ಸಿಕ್ಕಿತು.

ಹಾಗಾದರೆ ಗಂಟು ಬಿಚ್ಚಿದ್ದು ಯಾವುದು? ಕಾರ್ಕಳದ ಹತ್ತಿರದ ಹಳ್ಳಿಯಲ್ಲಿ ಅಜ್ಜನ ತಂಗಿಯ ಟ್ರಂಕು. ಮನಿಯಾರ್ಡರ್ ಫಾರಂನ ಕೆಳಗಿನ ತುಂಡು, ನಾಲ್ಕು ಮಾತು ಬರೆಯಲು ಜಾಗ ಇದ್ದ ಕೂಪನ್, ದುಡ್ಡು ಪಡೆದವರ ಹತ್ತಿರ ಉಳಿಯುತ್ತಿತ್ತು. ತಾಯಿ ಅವನ್ನು ದಾರದಲ್ಲಿ ಪೋಣಿಸಿ ಇಟ್ಟಿದ್ದರು. 1971ರದ್ದು ನಾಲ್ಕು ಸಿಕ್ಕವು. ಹನ್ನೆರಡಲ್ಲ, ಸೊನ್ನೆಯೂ ಅಲ್ಲ. ಕೆಲವು ಕಳೆದಿರಬಹುದು, ಹಾಗಾಗಿ 'ನಾಲ್ಕೇ ಸಲ ಬಂತು' ಅಂತ ನಾನು ಹೇಳುವುದಿಲ್ಲ. ಆದರೆ ತಿಂಗಳಿಗೊಮ್ಮೆ ಅನ್ನುವ ಮಾತೂ, ಊರಿಗೆ ಹೋಗುವಾಗ ಮಾತ್ರ ಅನ್ನುವ ಮಾತೂ ಎರಡೂ ಅಲುಗಾಡಿದವು. ಸಮಾಜಶಾಸ್ತ್ರಜ್ಞ ಡೆನ್ಝಿನ್ 1970ರಲ್ಲಿ ಟ್ರಯಾಂಗ್ಯುಲೇಶನ್‌ನಲ್ಲಿ ನಾಲ್ಕು ಬಗೆ ಗುರುತಿಸಿದರು: ಬೇರೆ ಆಧಾರ, ಬೇರೆ ಸಂಶೋಧಕರು, ಬೇರೆ ಸಿದ್ಧಾಂತ, ಬೇರೆ ವಿಧಾನ. ನಮಗೆ ದಾರಿ ತೋರಿಸಿದ್ದು ಮೊದಲ ಎರಡು. ಯಾರ ಪರಿಚಯದ ಸಾಲೂ ಅಲ್ಲ.

ನನಗೆ ಜಾಸ್ತಿ ನೋವಾಗುವುದು ಕೊನೆಯ ಕಾರಣಕ್ಕೆ. ಬರೆದದ್ದನ್ನು ಮಾತಾಡಿದವರಿಗೇ ಓದಿ ಹೇಳಿ, ಸರಿಯಾ ಅಂತ ಕೇಳುವ ಕ್ರಮ ಇದೆಯಲ್ಲ, ಅದನ್ನು ಇಬ್ಬರೂ ಹೋಗಿ ಮಾಡಿದೆವು. ಅಜ್ಜ ಪಗಾರದ ಭಾಗವನ್ನು ಪೂರ್ತಿ ಕೇಳಿದರು. 'ಸರಿ ಉಂಟು' ಅಂದರು. ಆಮೇಲೆ ಜೊತೆಗಾರ್ತಿಯ ಪರಿಚಯದ ಸಾಲನ್ನು ಓದಿದೆವು. ಅಜ್ಜ ತುಂಬ ಹೊತ್ತು ಸುಮ್ಮನಿದ್ದರು. ಮಾಟುಂಗಾದಲ್ಲಿ ಮಾಲೀಕರ ತಮ್ಮನ ಮಗಳು ಅಂದರೆ ಯಾವ ಹೋಟೆಲ್ ಅಂತ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆ ಹೋಟೆಲಿನ ಹಳಬರಲ್ಲಿ ಬದುಕಿರುವವರು ಇಬ್ಬರೇ. ಹೆಸರು ಬದಲಾಯಿಸಿ ನಾವು ಮುಚ್ಚಿಟ್ಟದ್ದನ್ನು ಆ ಒಂದು ಸಾಲು ತೆರೆದಿಡುತ್ತದೆ. ಊರಿನಲ್ಲಿ ಅವರ ಮೊಮ್ಮಗಳ ಮದುವೆ ಮಾತುಕತೆ ನಡೆದಿದೆ, ಅದೂ ಆ ಮನೆತನದ ಹತ್ತಿರದ ನೆಂಟರ ಕಡೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಪೂರ್ತಿ ಕೊಡೋಣ. ಎಲ್ಲಿ ಕೂತಿದ್ದೆವು, ಜೊತೆಗೆ ಯಾರಿದ್ದರು, ಎಲ್ಲಿ ಉತ್ತರ ತಿರುಗಿತು ಅಂತ ಬರೆಯೋಣ. ಎರಡು ಉತ್ತರಗಳನ್ನೂ ಕೂಪನ್ನಿನ ಲೆಕ್ಕವನ್ನೂ ಪಕ್ಕಪಕ್ಕ ಇಡೋಣ. ಯಾರ ಮಗಳು, ಯಾರ ಮಗ ಅನ್ನುವುದು ನಮ್ಮ ಡೈರಿಯಲ್ಲಿರಲಿ, ಪರಿಶೀಲಿಸುವವರು ಬಂದರೆ ತೋರಿಸೋಣ. ಅಜ್ಜ ಆ ದಿನ ಎದ್ದು ಹೋಗುವಾಗ ಜೊತೆಗಾರ್ತಿಯ ತಲೆ ಸವರಿ, ತುಳುವಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ. 'ನನ್ನದು ಹಾಕು, ನಿನ್ನದು ತೆಗಿ' ಅಂದರಂತೆ.